“ಯಾಕೆ” ಅಂತ ಎರಡನೇ ಸಲ ಕೇಳಬೇಡಿ
(ಹಾಸ್ಟೆಲ್ ವಿದ್ಯಾರ್ಥಿನಿಯರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಎಂಟಕ್ಕೆ ಮೆಸ್ ಬೆಲ್ ಹೊಡೆಯುತ್ತದೆ, ಇವತ್ತು ಪೂರಿ ಸಾಗು ಅಂತ ಆಗಲೇ ಸುದ್ದಿ ಹಬ್ಬಿದೆ. ಹಾಗಾಗಿ ಒಂದೇ ವಿಷಯ ಹಿಡಿಯುತ್ತೇನೆ. ರೂಮ್‌ಮೇಟ್ ಮಂಕಾಗಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. “ಯಾಕೆ?” ಅಂದರೆ “ಗೊತ್ತಿಲ್ಲ ಕಣೇ” ಅನ್ನುತ್ತಾಳೆ. ಆಮೇಲೆ ನೀವೇನು ಮಾಡುತ್ತೀರಿ?

ಇನ್ನೊಂದು ಸಲ “ಯಾಕೆ” ಕೇಳುತ್ತೀರಿ. ನನ್ನ ಜಗಳ ಇರೋದೇ ಆ ಎರಡನೇ “ಯಾಕೆ” ಮೇಲೆ.

ಒಂದು ಕತೆ ಹೇಳುತ್ತೇನೆ. ನನ್ನ ಹಳೇ ವಿದ್ಯಾರ್ಥಿನಿಯರು ಇಲ್ಲಿದ್ದರೆ ಕ್ಷಮಿಸಿ, ಇದನ್ನು ಎಲ್ಲ ಕಡೆ ಹೇಳುತ್ತೇನೆ. 1977ರಲ್ಲಿ ನಿಸ್ಬೆಟ್ ಮತ್ತು ವಿಲ್ಸನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದರು. ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಸ್ಟಾಕಿಂಗ್ಸ್ ಸಾಲಾಗಿ ಇಟ್ಟರು. ಬಂದವರಿಗೆ, ಯಾವುದು ಚೆನ್ನಾಗಿದೆ ಆರಿಸಿ ಅಂದರು. ಬಲತುದಿಯದನ್ನೇ ಜಾಸ್ತಿ ಜನ ಆರಿಸಿದರು. ಯಾಕೆ ಅಂತ ಕೇಳಿದರೆ ನೇಯ್ಗೆ ಚೆನ್ನಾಗಿದೆ, ಹಾಗಿದೆ, ಹೀಗಿದೆ ಅಂತ ಕಾರಣ ಕೊಟ್ಟರು. ತಮಾಷೆ ಏನಂದರೆ ನಾಲ್ಕೂ ಒಂದೇ ಮಾಲು! ಬಲಗಡೆ ಇದ್ದಿದ್ದಕ್ಕೆ ಆರಿಸಿದಿರಾ ಅಂತ ಕೇಳಿದರೆ, ಇವನಿಗೇನೋ ಆಗಿದೆ ಅನ್ನೋ ಹಾಗೆ ನೋಡಿದರಂತೆ. ನಮ್ಮ ಸೀರೆ ಅಂಗಡೀಲಿ ಈ ಪ್ರಯೋಗ ಮಾಡಿದ್ದರೆ ಕಾರಣ ಕೇಳೋಕೆ ಅರ್ಧ ದಿನ ಬೇಕಾಗುತ್ತಿತ್ತು.

ಅವರು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಮನಸ್ಸು ಒಂದು ಕಾರಣ ಜೋಡಿಸಿ ಕೊಟ್ಟಿತು, ಅಷ್ಟೇ. ನಿಮ್ಮ ಗೆಳತಿಯೂ ಅದನ್ನೇ ಮಾಡುತ್ತಾಳೆ. ಮೂರು ಸಲ ಕೇಳಿದ ಮೇಲೆ, ಏನಾದ್ರೂ ಹೇಳಿ ಮುಗಿಸೋಣ ಅಂತ “ಇಂಟರ್ನಲ್ಸ್ ಚೆನ್ನಾಗಿ ಆಗಲಿಲ್ಲ ಅನ್ಸುತ್ತೆ” ಅಂದುಬಿಡುತ್ತಾಳೆ. ನೀವು ಪಾಪ, ಸೀನಿಯರ್ ಹತ್ತಿರ ನೋಟ್ಸ್ ತರುತ್ತೀರಿ. “ನಂಗೂ ಹನ್ನೆರಡೇ ಬಂದಿರೋದು” ಅಂತ ಸಮಾಧಾನ ಹೇಳುತ್ತೀರಿ. ಮಾರನೇ ದಿನವೂ ಅವಳು ಹಾಗೇ ಇರುತ್ತಾಳೆ. ಈಗ ಬೇಜಾರಿನ ಜೊತೆಗೆ, ಇವಳು ಇಷ್ಟೆಲ್ಲ ಮಾಡಿದರೂ ನಾನು ಸರಿಹೋಗಲಿಲ್ಲವಲ್ಲ ಅನ್ನೋ ಸಂಕೋಚ ಬೇರೆ. ಅದಕ್ಕೇ ಹೇಳೋದು, ಕಾರಣ ಕೇಳಬೇಡಿ.

ಕಾರಣ ಇರುವುದೇ ಇಲ್ಲ ಅಂತಲ್ಲ. ನಿದ್ದೆ ಕೆಟ್ಟ ವಾರ, ಮುಟ್ಟಿಗೆ ಮುಂಚಿನ ದಿನಗಳು, ಜ್ವರ ಬರೋ ಹಿಂದಿನ ದಿನ, ಇವೆಲ್ಲ ಮೈಯಲ್ಲಿ ನಡೆಯೋವು. ಅವಕ್ಕೆ ಮಾತು ಎಲ್ಲಿಂದ ಬರಬೇಕು? ಹಾಗಾಗಿ ಅವಳಿಗೆ ಉತ್ತರ ಗೊತ್ತಿರೋ ಪ್ರಶ್ನೆ ಕೇಳಿ. “ಯಾವಾಗಿಂದ ಹೀಗಿದೆ?” “ರಾತ್ರಿ ನಿದ್ದೆ ಬಂತಾ?” “ಮಧ್ಯಾಹ್ನ ಏನು ತಿಂದೆ?” ಸಾಕು. ಇದೂ ವಿಚಾರಣೆ ಆಗಬಾರದು, ಅಲ್ವಾ?

ಆಮೇಲೆ, “ಏನಾದ್ರೂ ಬೇಕಿದ್ರೆ ಹೇಳು” ಅಂದು ಎದ್ದು ಹೋಗಬೇಡಿ. ಏನು ಬೇಕು ಅಂತ ಯೋಚಿಸೋ ಶಕ್ತಿಯೂ ಅವತ್ತು ಅವಳಿಗಿರುವುದಿಲ್ಲ. ಎರಡೇ ಎರಡು ಮುಂದಿಡಿ. “ಟೀ ಇಲ್ಲಿಗೇ ತರ್ಲಾ, ಇಬ್ರೂ ಕೆಳಗೆ ಹೋಗೋಣ್ವಾ?” ಕೆಳಗೆ ಬಂದರೆ ಒಳ್ಳೇದು. ಪಕ್ಕಪಕ್ಕ ನಡೆಯುವಾಗ ಮುಖ ನೋಡೋ ಕಷ್ಟ ಇಲ್ಲ, ಮಾತಿಲ್ಲದಿದ್ದರೂ ಮುಜುಗರ ಆಗುವುದಿಲ್ಲ. ಅವಳು ಅತ್ತರೆ “ಅಳಬೇಡ” ಅನ್ನಬೇಡಿ. “ಸರಿ ಬಿಡು, ಕಾರಣ ಗೊತ್ತಾಗಬೇಕು ಅಂತೇನಿಲ್ಲ. ನಾನಿಲ್ಲೇ ಓದ್ಕೋತಾ ಇರ್ತೀನಿ” ಅನ್ನಿ. ಅಂದಮೇಲೆ ನಿಜವಾಗಲೂ ಓದಿಕೊಳ್ಳಿ. ಐದು ನಿಮಿಷಕ್ಕೊಂದು ಸಲ ತಿರುಗಿ “ಈಗ ಹೇಗಿದೀಯ?” ಅಂದರೆ, ಚೆನ್ನಾಗಿದ್ದೇನೆ ಅಂತ ನಟಿಸೋ ಕೆಲಸ ಅವಳ ತಲೆಗೆ ಬೀಳುತ್ತದೆ.

ಮೇಡಂ ವಾಚ್ ತೋರಿಸುತ್ತಿದ್ದಾರೆ. ಇನ್ನೊಂದು ಹೇಳಲೇಬೇಕು, ಉಳಿದದ್ದು ಬಿಟ್ಟೆ.

ನಾನು ಹೇಳಿದ್ದು ಒಂದೆರಡು ದಿನದ ಮಂಕಿಗೆ. ಎರಡು ವಾರ ಹೆಚ್ಚುಕಡಿಮೆ ದಿನಾಲೂ ಹಾಗೇ ಇದ್ದರೆ, ಊಟ ನಿದ್ದೆ ಕೆಟ್ಟು, ಇಷ್ಟದ ಕೆಲಸವೂ ಬೇಡವಾದರೆ, ಅದು ಖಿನ್ನತೆ ಇರಬಹುದು. ಡಾಕ್ಟರ್ ನೋಡಬೇಕು, ಜೊತೆಗೆ ನೀವೂ ಹೋಗಿ. ಸಾಯೋ ಮಾತು ಬಂದರೆ ದಿನ ಎಣಿಸುತ್ತಾ ಕೂರಬೇಡಿ. “ಸಾಯಬೇಕು ಅನ್ಸುತ್ತಾ?” ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಯಾರಿಗೂ ಹೇಳಲ್ಲ ಅಂತ ಮಾತೂ ಕೊಡಬೇಡಿ, ವಾರ್ಡನ್ ಅವರನ್ನು ಎಬ್ಬಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಒಂದು ಚೀಟಿ ಬಂದಿದೆ. “ನನ್ನ ಪಾಡಿಗೆ ಬಿಡು ಅಂದರೆ?” ಸಾಯೋ ಮಾತಿಲ್ಲದಿದ್ದರೆ ಬಿಡಿ. ಆದರೆ ಹೊತ್ತು ಹೇಳಿ ಹೋಗಿ, “ಎಂಟಕ್ಕೆ ಪೂರಿ ತಗೊಂಡು ಬರ್ತೀನಿ” ಅಂತ. ಎಂಟಕ್ಕೇ ಬನ್ನಿ.