ಇಂಟ್ರೋ ಎರಡು ಸೆಕೆಂಡ್ ಸಾಕು, ಔಟ್ರೋದಲ್ಲಿ ವಿದಾಯ ಬೇಡ

[ಪರದೆ ತುಂಬ ಒಂದು ಗ್ರಾಫ್. ಗೆರೆ ಶುರುವಿನಲ್ಲೇ ಕುಸಿದು, ಮತ್ತೆ ಮೇಲೆ ಬರುತ್ತದೆ]

ಈ ಗೆರೆ ನೋಡಿ. ವಿಡಿಯೋದ ಯಾವ ಸೆಕೆಂಡಿನಲ್ಲಿ ಎಷ್ಟು ಜನ ನೋಡ್ತಿದ್ದಾರೆ ಅಂತ ತೋರಿಸೋ ಗೆರೆ ಇದು. 8ನೇ ಸೆಕೆಂಡಿಗೆ ಧಡಕ್ಕನೆ ಇಳಿದಿದೆ, 20ನೇ ಸೆಕೆಂಡಿಗೆ ಮತ್ತೆ ಮೇಲೆ ಬಂದಿದೆ. ನಡುವೆ ಬಿಟ್ಟು ಹೋದವರು ವಾಪಸ್ ಬಂದರಾ? ಇಲ್ಲ, ಅವರು ಹೋಗಿಯೇ ಇರಲಿಲ್ಲ. ಫೋನಿನ ಬಲಗಡೆ ಎರಡು ಸಲ ತಟ್ಟಿ 10 ಸೆಕೆಂಡ್ ಮುಂದಕ್ಕೆ ಹಾರಿದ್ದಾರೆ. ಅವರು ಹಾರಿಸಿದ್ದು ಆ ಚಾನೆಲ್‌ನ ಇಂಟ್ರೋವನ್ನು.

ಇದು ಅರ್ಥ ಆಗಲಿ ಅಂತ ನಾನೇ ಬಿಡಿಸಿದ ಗ್ರಾಫ್. ಆದರೆ ಉದ್ದ ಇಂಟ್ರೋ ಇರುವ ಚಾನೆಲ್‌ಗಳ ಯೂಟ್ಯೂಬ್ ಸ್ಟುಡಿಯೋದಲ್ಲಿ ಇದೇ ಆಕಾರ ಕಾಣಿಸುತ್ತದೆ. ಒಂದು ವಿಡಿಯೋ ತೆಗೆದು, ಅನಾಲಿಟಿಕ್ಸ್‌ಗೆ ಹೋಗಿ, Audience retention ನೋಡಿ. ಗೆರೆ ಇಳಿದು ಮತ್ತೆ ಏರಿದರೆ ಜನ ಇಂಟ್ರೋ ಹಾರಿಸುತ್ತಿದ್ದಾರೆ. ಇಳಿದದ್ದು ಏಳಲೇ ಇಲ್ಲ ಅಂದರೆ ಅಲ್ಲಿಂದಲೇ ಎದ್ದು ಹೋಗಿದ್ದಾರೆ. ಅದು ಇನ್ನೂ ಕೆಟ್ಟದ್ದು. ವಿಡಿಯೋಗೆ ಸಾಕಷ್ಟು ವ್ಯೂಸ್ ಇದ್ದರೆ ಹೊಸಬರನ್ನೂ ಮತ್ತೆ ಬಂದವರನ್ನೂ ಬೇರೆ ಬೇರೆ ಗೆರೆಯಾಗಿ ನೋಡಬಹುದು. ನಮಗೆ ಬೇಕಾಗಿರೋದು ಆ ಎರಡನೇ ಗೆರೆ. ನಿಮ್ಮ ಚಾನೆಲ್ ಹೆಸರು ಗೊತ್ತಿರೋರಿಗೇ ನೀವು ಮತ್ತೆ ಮತ್ತೆ ಹೆಸರು ಹೇಳ್ತಾ ಇದ್ದೀರಿ ಅಲ್ವಾ, ಅವರು ಏನು ಮಾಡ್ತಿದ್ದಾರೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ.

[ದೃಶ್ಯ: ಗ್ಯಾರೇಜ್, ಸ್ಟ್ಯಾಂಡ್ ಹಾಕಿದ ಹಳೇ ಬೈಕ್]

ಒಂದು ಉದಾಹರಣೆ ಇಟ್ಟುಕೊಂಡು ಮಾಡೋಣ. ಬೈಕ್ ರಿಪೇರಿ ಚಾನೆಲ್, 8 ನಿಮಿಷದ ವಿಡಿಯೋ, ವಿಷಯ ಕಾರ್ಬ್ಯುರೇಟರ್ ಕ್ಲೀನಿಂಗ್. ಈಗ ಅದು ಶುರುವಾಗೋದು ಹೀಗೆ: "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ," ಆಮೇಲೆ 12 ಸೆಕೆಂಡ್ ತಿರುಗುವ ಲೋಗೋ, ಬೆಂಕಿ, ಹೊಗೆ, ಡಬ್ ಡಬ್ ಮ್ಯೂಸಿಕ್, ಆಮೇಲೆ "ಇವತ್ತಿನ ವಿಡಿಯೋದಲ್ಲಿ...". ನೋಡೋಕೆ ಬಂದವನ ಬೈಕ್ ಮನೆ ಮುಂದೆ ಸ್ಟಾರ್ಟ್ ಆಗದೆ ನಿಂತಿದೆ. ಅವನಿಗೆ ಅರ್ಧ ನಿಮಿಷ ಏನೂ ಸಿಕ್ಕಿಲ್ಲ.

ಇದನ್ನು ತಿರುಗಿಸಿ. ಮೊದಲ ಶಾಟ್‌ನಲ್ಲೇ ಕಿಕ್ಕರ್ ಮೇಲೆ ಕಾಲು. ಒದೀತಾರೆ, ಸ್ಟಾರ್ಟ್ ಆಗಲ್ಲ. ಮತ್ತೆ ಒದೀತಾರೆ, ಆಗಲ್ಲ. ಮೇಲೆ ದನಿ: "ಪೆಟ್ರೋಲ್ ಇದೆ, ಪ್ಲಗ್‌ನಲ್ಲಿ ಸ್ಪಾರ್ಕ್ ಇದೆ, ಆದರೂ ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಕಾರ್ಬ್ಯುರೇಟರ್ ಜೆಟ್ ಕಟ್ಟಿಕೊಂಡಿರಬಹುದು. ಬಿಚ್ಚಿ ನೋಡೋಣ." ಇಷ್ಟಕ್ಕೆ 10 ಸೆಕೆಂಡ್. ಇಂಟ್ರೋ ಬರೋದು ಇಲ್ಲಿ, ಈ ಮಾತು ಮುಗಿದ ಮೇಲೆ. ಸ್ಪ್ಯಾನರ್ ಬೆಂಚಿನ ಮೇಲೆ ಬೀಳುವ ಟಣ್ ಅನ್ನೋ ಸದ್ದು, ಅದರ ಬೆನ್ನಿಗೇ ಇಂಜಿನ್ ಸ್ಟಾರ್ಟ್ ಆಗುವ ಒಂದು ಗುಡುಗು, ಅಷ್ಟರಲ್ಲಿ ಚಾನೆಲ್ ಹೆಸರು ಪರದೆ ಮೇಲೆ ಬಂದು ಹೋಗುತ್ತದೆ. ಎರಡು ಸೆಕೆಂಡ್. ಟೈಮ್‌ಲೈನ್ 25 ಫ್ರೇಮ್‌ನದಾದರೆ 50 ಫ್ರೇಮ್. ಹೆಸರು ಕನಿಷ್ಠ 30 ಫ್ರೇಮ್ ಅಲುಗಾಡದೆ ನಿಲ್ಲಬೇಕು, ಇಲ್ಲದಿದ್ದರೆ ಚಿಕ್ಕ ಫೋನಿನಲ್ಲಿ ಓದೋಕೆ ಆಗಲ್ಲ. ಬರುವಾಗ ಹೋಗುವಾಗ ಜಾಸ್ತಿ ಅನಿಮೇಷನ್ ಇಟ್ಟರೆ ಆ 30 ಫ್ರೇಮ್ ಉಳಿಯಲ್ಲ, ಅದಕ್ಕೇ ಸುಮ್ನೆ ಕಟ್ ಮಾಡಿ ತೋರಿಸಿ.

ಎರಡೇ ಸೆಕೆಂಡಿಗೆ ಯಾರೂ ಎರಡು ಸಲ ತಟ್ಟೋಕೆ ಹೋಗಲ್ಲ. ತಟ್ಟಿದರೆ ಬೇಕಾದ ವಿಷಯವೇ ಹಾರಿ ಹೋಗುತ್ತದೆ ಅಂತ ಮತ್ತೆ ಮತ್ತೆ ಬರೋರಿಗೆ ಬೇಗ ಗೊತ್ತಾಗಿಬಿಡುತ್ತದೆ.

ಆಕಾಶವಾಣಿಯ ಸಿಗ್ನೇಚರ್ ಟ್ಯೂನ್ ಹಿರಿಯರಿಗೆಲ್ಲ ನೆನಪಿರುತ್ತದೆ. ವಾಲ್ಟರ್ ಕೌಫ್‌ಮನ್ ಮಾಡಿದ್ದು, 1930ರ ದಶಕದ ಟ್ಯೂನ್. ಅದು ಬರುತ್ತಿದ್ದದ್ದು ಬೆಳಿಗ್ಗೆ ಪ್ರಸಾರ ಶುರುವಾಗುವಾಗ, ಪ್ರತಿ ಕಾರ್ಯಕ್ರಮದ ಮುಂದೆ ಅಲ್ಲ. ನಿಮ್ಮ ವೀಕ್ಷಕರು ಒಂದೇ ಸಂಜೆ ನಿಮ್ಮ ನಾಲ್ಕು ವಿಡಿಯೋ ಒಂದರ ಹಿಂದೆ ಒಂದು ಟಿವಿಯಲ್ಲಿ ಹಾಕಿಕೊಂಡು ನೋಡಬಹುದು. ನಾಲ್ಕನೇ ಸಲವೂ ಸಹಿಸಬಹುದಾ ಅನ್ನೋದೇ ಪರೀಕ್ಷೆ. ಮಾಡಿದ ಇಂಟ್ರೋವನ್ನು ನಿಮ್ಮದೇ ನಾಲ್ಕು ವಿಡಿಯೋಗೆ ಹಾಕಿ, ಸಾಲಾಗಿ ನೋಡಿ. ಎಲ್ಲಿ ನಿಮ್ಮ ಕೈ ರಿಮೋಟ್ ಕಡೆ ಹೋಗುತ್ತೋ ಅಲ್ಲಿ ಕತ್ತರಿಸಿ.

[ದೃಶ್ಯ: ಟೈಮ್‌ಲೈನ್‌ನಲ್ಲಿ ಧ್ವನಿಯ ಅಲೆಗಳು. ಇಂಟ್ರೋ ಭಾಗ ದಪ್ಪ, ಮಾತಿನ ಭಾಗ ತೆಳು]

ಕಿರಿಕಿರಿಗೆ ದೊಡ್ಡ ಕಾರಣ ಉದ್ದ ಮಾತ್ರ ಅಲ್ಲ, ಸದ್ದು. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಮೆಲ್ಲಗೆ ಮಾತಾಡೋದನ್ನು ಕೇಳ್ತಾ ಇರ್ತಾರೆ, ಇಂಟ್ರೋ ಬಂದು ಕಿವಿಗೆ ಬಡಿಯುತ್ತದೆ. ಯೂಟ್ಯೂಬ್ ಸರಿ ಮಾಡುತ್ತೆ ಅಂದುಕೊಳ್ಳಬೇಡಿ. ಅದು ಇಡೀ ವಿಡಿಯೋದ ಸರಾಸರಿ ಜೋರನ್ನು ಅಳೆದು, ಜಾಸ್ತಿ ಇದ್ದರೆ ಎಲ್ಲವನ್ನೂ ಒಟ್ಟಿಗೇ ಇಳಿಸುತ್ತದೆ. ಇಂಟ್ರೋ ಮತ್ತು ಮಾತಿನ ನಡುವಿನ ಅಂತರ ಎಷ್ಟೋ ಸಲ ಹಾಗೇ ಉಳಿಯುತ್ತದೆ. ಹಾಗಾಗಿ ಎಡಿಟಿಂಗ್‌ನಲ್ಲೇ ಆ ಟಣ್ ಸದ್ದನ್ನು ಮಾತಿಗಿಂತ ಮೂರು ನಾಲ್ಕು ಡೆಸಿಬಲ್ ಕೆಳಗೆ ಇಡಿ. ಆಮೇಲೆ ಮೊಬೈಲ್ ಸ್ಪೀಕರ್‌ನಲ್ಲಿ ಒಮ್ಮೆ, ಇಯರ್‌ಫೋನ್‌ನಲ್ಲಿ ಒಮ್ಮೆ ಕೇಳಿ.

ಸ್ಪ್ಯಾನರ್ ಸದ್ದೇ ಯಾಕೆ ಅಂದರೆ ಅದು ನಿಮ್ಮದು. ನೀವೇ ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದು. ಸಿನಿಮಾ ಹಾಡಿನ ಬಿಟ್ ಹಾಕಿದರೆ ಅದು ನೂರು ವಿಡಿಯೋದಲ್ಲೂ ಇರುತ್ತದೆ, ನಾಳೆ ಕಾಪಿರೈಟ್ ಕ್ಲೇಮ್ ಬಂದರೆ ನೂರಕ್ಕೂ ಬರಬಹುದು. ಅಡುಗೆ ಚಾನೆಲ್ ಆದರೆ ಒಗ್ಗರಣೆ ಚಟಪಟ ಇದೆ, ಹೊಲಿಗೆ ಚಾನೆಲ್ ಆದರೆ ಮೆಷಿನ್ ಸದ್ದು ಇದೆ.

[ದೃಶ್ಯ: ಎಂಡ್ ಸ್ಕ್ರೀನ್ ಎಡಿಟರ್]

ಈಗ ಔಟ್ರೋ. "ಇವತ್ತಿಗೆ ಇಷ್ಟೇ ಸ್ನೇಹಿತರೇ, ವಿಡಿಯೋ ಇಷ್ಟ ಆದರೆ..." ಅಂದ ತಕ್ಷಣ ಗೆರೆ ಬಂಡೆಯಿಂದ ಬಿದ್ದ ಹಾಗೆ ಬೀಳುತ್ತದೆ. ನಿಮ್ಮನ್ನು ದಿನಾ ನೋಡೋರಂತೂ "ಇವತ್ತಿಗೆ" ಅನ್ನೋ ಪದಕ್ಕೇ ಎದ್ದು ಹೋಗ್ತಾರೆ. ಮುಗೀತು ಅಂತ ನೀವೇ ಹೇಳಿದಿರಲ್ಲ! ಮುಂದಿನ ವಿಡಿಯೋ, ಸಬ್‌ಸ್ಕ್ರೈಬ್ ಗುಂಡಿ ತೋರಿಸೋ ಎಂಡ್ ಸ್ಕ್ರೀನ್ ಕಾಣಿಸೋದು ವಿಡಿಯೋದ ಕೊನೆಯ 5ರಿಂದ 20 ಸೆಕೆಂಡ್ ಒಳಗೆ ಮಾತ್ರ. ವಿದಾಯ ಮೊದಲು ಹೇಳಿದರೆ ಅದನ್ನು ನೋಡೋಕೆ ಯಾರೂ ಉಳಿದಿರೋದಿಲ್ಲ.

ಬೈಕ್ ವಿಡಿಯೋದಲ್ಲಿ ಕೊನೆಯ 10 ಸೆಕೆಂಡ್ ಹೀಗಿರಲಿ. ಗಾಡಿ ಸ್ಟಾರ್ಟ್ ಆಗಿದೆ, ಐಡ್ಲಿಂಗ್‌ನಲ್ಲಿ ನಿಂತಿದೆ. ಬೈಕ್ ಚೌಕಟ್ಟಿನ ಎಡಕ್ಕಿದೆ, ಬಲಗಡೆ ಬರೀ ಗೋಡೆ, ಶೂಟ್ ಮಾಡುವಾಗಲೇ ಹಾಗೆ ಇಟ್ಟಿದ್ದು. ದನಿ: "ಇಷ್ಟೆಲ್ಲಾ ಮಾಡಿದ ಮೇಲೂ ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿಕೊಂಡಿದೆಯಾ ನೋಡಿ, ಅದನ್ನು ಬಿಚ್ಚೋದು ಇದರಲ್ಲಿದೆ." ಅಷ್ಟು ಹೊತ್ತಿಗೆ ಗೋಡೆಯ ಮೇಲೆ ಏರ್ ಫಿಲ್ಟರ್ ವಿಡಿಯೋ, ಅದರ ಕೆಳಗೆ ಸಬ್‌ಸ್ಕ್ರೈಬ್ ಗುಂಡಿ. ನಾಲ್ಕು ಎಲಿಮೆಂಟ್ ಹಾಕೋಕೆ ಅವಕಾಶ ಇದೆ, ಆದರೆ ಎರಡಕ್ಕಿಂತ ಜಾಸ್ತಿ ಬೇಡ, ಬೈಕ್ ಮುಚ್ಚಿಹೋಗುತ್ತದೆ. ವಿಡಿಯೋ ಆಯ್ಕೆಯನ್ನು ಯೂಟ್ಯೂಬ್‌ಗೆ ಬಿಡಬೇಡಿ, ನಿರ್ದಿಷ್ಟ ವಿಡಿಯೋ ಅಂತಲೇ ಕೊಡಿ. ನೀವು ಏರ್ ಫಿಲ್ಟರ್ ಅಂತ ಹೇಳಿ ಅಲ್ಲಿ ಚೈನ್ ಟೈಟ್ ಮಾಡೋ ವಿಡಿಯೋ ಬಂದರೆ ನಗೆಪಾಟಲು.

ಒಂದು ಮಿತಿ ಇದೆ. ಎಂಡ್ ಸ್ಕ್ರೀನ್‌ನ ವಿಡಿಯೋವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಬಾಯಲ್ಲಿ ಹೇಳಿದ್ದನ್ನು ಬದಲಿಸೋಕೆ ಆಗಲ್ಲ. ಅದಕ್ಕೆ ವಿಡಿಯೋ ಹೆಸರು ಹೇಳದೆ ಸಮಸ್ಯೆ ಹೇಳಿ. ಮುಂದೆ ಏರ್ ಫಿಲ್ಟರ್ ಬಗ್ಗೆ ಇನ್ನೂ ಚೆನ್ನಾಗಿರೋದು ಮಾಡಿದಾಗ ಅದನ್ನೇ ಅಲ್ಲಿ ಕೂರಿಸಬಹುದು.

[ಮಾತನಾಡುವವರು ಚೌಕಟ್ಟಿನ ಎಡಕ್ಕೆ ಸರಿಯುತ್ತಾರೆ, ಬಲಗಡೆ ಖಾಲಿ]

ಈಗಾಗಲೇ ಹಾಕಿರುವ ವಿಡಿಯೋಗಳಲ್ಲಿರೋ 12 ಸೆಕೆಂಡ್ ಇಂಟ್ರೋನ ಸ್ಟುಡಿಯೋದ ಎಡಿಟರ್‌ನಲ್ಲೇ ಕತ್ತರಿಸಬಹುದು. ಲಿಂಕ್ ಅದೇ ಇರುತ್ತದೆ, ವ್ಯೂಸ್, ಕಾಮೆಂಟ್ ಹೋಗಲ್ಲ. ಮೊದಲು ಜಾಸ್ತಿ ಓಡ್ತಿರೋ ಎರಡು ಮೂರು ವಿಡಿಯೋದಲ್ಲಿ ಮಾಡಿ. ಒಂದು ಲಕ್ಷ ವ್ಯೂಸ್ ದಾಟಿದ್ದು, ಮಾನಿಟೈಸೇಷನ್ ಇಲ್ಲದ ಚಾನೆಲ್‌ನದಾದರೆ ಮಾತ್ರ ಅದು ಸೇವ್ ಆಗದೇ ಇರಬಹುದು. ಕಟ್ ಎಲ್ಲಿ ಹಾಕಬೇಕು ಅನ್ನೋದನ್ನು ಇದರಲ್ಲಿ ತೋರಿಸಿದ್ದೇನೆ.