ಒಂದು ದಿನ ತಡೆದು ನಿಲ್ಲುವ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ನೆಪೋಲಿಯನ್ ಅಂದ ಕೂಡಲೇ ನಮಗೆ ಯುದ್ಧಗಳು ನೆನಪಾಗುತ್ತವೆ. ನಾನು ಇವತ್ತು ಅವನ ಸೈನ್ಯದ ನಡಿಗೆಯ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಅವನ ಅರ್ಧ ಗೆಲುವು ಇದ್ದದ್ದು ಅಲ್ಲೇ.

1806ರ ಅಕ್ಟೋಬರ್. ಜರ್ಮನ್ ರಾಜ್ಯವಾದ ಪ್ರಷ್ಯಾದ ಮೇಲೆ ದಂಡೆತ್ತಿ ಹೊರಟ ಫ್ರೆಂಚ್ ಸೈನ್ಯದಲ್ಲಿ ಸುಮಾರು 1,80,000 ಜನ. ಜೊತೆಗೆ ಕುದುರೆ, ಫಿರಂಗಿ, ಮದ್ದುಗುಂಡಿನ ಗಾಡಿ. ಇಷ್ಟೂ ಜನರನ್ನು ಒಂದೇ ರಸ್ತೆಗೆ ಬಿಟ್ಟರೆ ಏನಾಗುತ್ತದೆ? ಮುಂದಿನವನು ಶತ್ರುವಿನ ಎದುರು ನಿಂತಾಗ ಹಿಂದಿನವನು ಇನ್ನೂ ಹಲವು ದಿನಗಳ ದಾರಿ ದೂರದಲ್ಲಿರುತ್ತಾನೆ. ಊಟದ ಕತೆಯೂ ಅಷ್ಟೇ. ಆ ಸೈನ್ಯ ಬಹುಪಾಲು ದಾರಿಯ ಊರುಗಳಲ್ಲೇ ಕಾಳುಕಡಿ ಎತ್ತಿಕೊಂಡು ಹೊಟ್ಟೆ ಹೊರೆಯುತ್ತಿತ್ತು. ಮೊದಲು ಹೋದವರು ಊರನ್ನು ಗುಡಿಸಿಬಿಟ್ಟರೆ ಹಿಂದಿನವರಿಗೆ ಉಪವಾಸವೇ. ಹಾಗಾಗಿ ಸೈನ್ಯವನ್ನು ಹಲವು ರಸ್ತೆಗಳಲ್ಲಿ ಹಂಚಿ ನಡೆಸಲೇಬೇಕು. ಆದರೆ ಹಂಚಿದರೆ ಇನ್ನೊಂದು ಭಯ. ಶತ್ರು ಒಂದು ತುಂಡನ್ನು ಒಂಟಿಯಾಗಿ ಹಿಡಿದು ಮುಗಿಸಿಬಿಟ್ಟರೆ?

ಇದಕ್ಕೆ ಅವನು ಕಂಡುಕೊಂಡ ಉತ್ತರವೇ ಕೋರ್. ಒಬ್ಬ ಮಾರ್ಷಲ್, ಅವನ ಕೈಕೆಳಗೆ ಎರಡು, ಮೂರು ಅಥವಾ ನಾಲ್ಕು ಕಾಲಾಳು ಡಿವಿಷನ್. ಮುಂದೆ ಹೋಗಿ ಶತ್ರುವನ್ನು ಹುಡುಕಲು ಹಗುರ ಕುದುರೆ ಸವಾರರು. ತನ್ನದೇ ಫಿರಂಗಿ, ಸೇತುವೆ ಕಟ್ಟುವ ಇಂಜಿನಿಯರುಗಳು, ಆದೇಶ ಬರೆದು ಕಳಿಸುವ ಕಚೇರಿ. ಒಟ್ಟಿನಲ್ಲಿ ಒಂದು ಪುಟ್ಟ ಸೈನ್ಯ. ಇಪ್ಪತ್ತೈದು ಮೂವತ್ತು ಸಾವಿರ ಜನರ ಒಂದು ಕೋರನ್ನು ಒಂಟಿಯಾಗಿ ಬಿಡಬಹುದು, ಅದು ಬೇಕಾದರೆ ಕಾದಾಡಬಲ್ಲದು, ಬೇಡವಾದರೆ ತಪ್ಪಿಸಿಕೊಳ್ಳಬಲ್ಲದು ಎಂದು ನೆಪೋಲಿಯನ್ 1809ರಲ್ಲಿ ತನ್ನ ಮಲಮಗ ಯೂಜೀನ್‌ಗೆ ಬರೆದ.

ಇದರ ಹಿಂದೆ ಇರುವುದು ಸರಳ ಲೆಕ್ಕ. ಇಂಥ ಒಂದು ಕೋರ್ ತನಗಿಂತ ಎಷ್ಟೋ ದೊಡ್ಡ ಸೈನ್ಯವನ್ನು ಒಂದು ದಿನದ ಮಟ್ಟಿಗೆ ತಡೆದು ನಿಲ್ಲಿಸಬಲ್ಲದು. ಪಕ್ಕದ ಕೋರ್‌ಗಳು ಒಂದು ದಿನದ ನಡಿಗೆಯೊಳಗೆ, ಅಂದರೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಒಳಗೆ ಇದ್ದರೆ ಸಾಕು. ಸಂಜೆಯೊಳಗೆ ಬಂದು ಸೇರುತ್ತವೆ. ತಡೆಯುವ ಹೊತ್ತು, ಬರುವ ಹೊತ್ತು, ಇವೆರಡೂ ತಾಳೆಯಾದರೆ ಆಟ ನಿಮ್ಮದು.

1806ರಲ್ಲಿ ಫ್ರೆಂಚರು ಬೆಟ್ಟ ಕಾಡು ದಾಟಿ ಮೂರು ರಸ್ತೆಗಳಲ್ಲಿ ಉತ್ತರಕ್ಕೆ ನಡೆದರು. ಮಾರ್ಷಲ್‌ಗಳ ಪೈಕಿ ಎಡಕ್ಕೆ ಲಾನ್ ಮತ್ತು ಓಜೆರೋ, ನಡುವೆ ಬರ್ನಡೋಟ್ ಮತ್ತು ದಾವೂ, ಬಲಕ್ಕೆ ಸುಲ್ಟ್ ಮತ್ತು ನೇ. ಶತ್ರು ಎಲ್ಲಿದ್ದಾನೆ ಅನ್ನುವುದು ನೆಪೋಲಿಯನ್‌ಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ. ಪ್ರಷ್ಯನ್ನರು ಎದುರಿಗಿಲ್ಲ, ಎಡಗಡೆ ಸಾಲೆ ನದಿಯ ಆಚೆ ಇದ್ದಾರೆ ಎಂದು ಅಕ್ಟೋಬರ್ 12ರ ಹೊತ್ತಿಗೆ ಸುಳಿವು ಸಿಕ್ಕಿತು. ಇಡೀ ಸೈನ್ಯ ಎಡಕ್ಕೆ ತಿರುಗಿತು. ಎಡದಲ್ಲಿದ್ದ ಲಾನ್ ಈಗ ಮುಂಚೂಣಿಯಾದ. ನಡುವೆ ಇದ್ದ ದಾವೂ ಉತ್ತರದ ನೌಮ್‌ಬುರ್ಗ್ ಸೇರಿ ಶತ್ರುವಿನ ಬೆನ್ನಿನ ಕಡೆಗೆ ಬಂದಿದ್ದ.

13ರಂದು ಲಾನ್ ಯೇನಾ ಊರಿನ ಮೇಲಿನ ಗುಡ್ಡದಲ್ಲಿ ಶತ್ರುವನ್ನು ಕಂಡ. ನೆಪೋಲಿಯನ್ ಸಂಜೆ ಅಲ್ಲಿಗೆ ಬಂದ. ಎಲ್ಲ ಕಡೆಗೂ ಸವಾರರು ಓಡಿದರು. ಆ ರಾತ್ರಿ ಗುಡ್ಡದ ಇಕ್ಕಟ್ಟಾದ ದಾರಿಯಲ್ಲಿ ಫಿರಂಗಿಗಳು ಸಿಕ್ಕಿಹಾಕಿಕೊಂಡವು. ಚಕ್ರವರ್ತಿಯೇ ಕೈಯಲ್ಲಿ ಕಂದೀಲು ಹಿಡಿದು ನಿಂತು ಬಂಡೆ ಒಡೆಸಿ ದಾರಿ ಅಗಲ ಮಾಡಿಸಿದ. ಬೆಳಗ್ಗೆ ಮಂಜಿನಲ್ಲಿ ಯುದ್ಧ ಶುರುವಾದಾಗ ಅವನ ಬಳಿ ಇದ್ದದ್ದು ಸೈನ್ಯದ ಒಂದು ಭಾಗ ಮಾತ್ರ. ಉಳಿದವರು ರಾತ್ರಿಯೆಲ್ಲ ನಡೆದು ಒಬ್ಬೊಬ್ಬರಾಗಿ ಬಂದು ಸೇರಿದರು. ಮಧ್ಯಾಹ್ನದ ಹೊತ್ತಿಗೆ ಅವನ ಕಡೆ ಜನ ತೊಂಬತ್ತು ಸಾವಿರಕ್ಕೂ ಜಾಸ್ತಿ. ಯೇನಾ ಯುದ್ಧದ ಬಗ್ಗೆ ಇಷ್ಟು ಸಾಕು. ಅವನ ಎದುರಿಗಿದ್ದದ್ದು ಪ್ರಷ್ಯಾದ ಮುಖ್ಯ ಸೈನ್ಯವೇ ಆಗಿರಲಿಲ್ಲ.

ಆ ಮುಖ್ಯ ಸೈನ್ಯ, ಅರವತ್ತು ಸಾವಿರದಷ್ಟು ಜನ, ಉತ್ತರಕ್ಕೆ ಹಿಂದೆ ಸರಿಯುತ್ತಿತ್ತು. ಆ ದಾರಿಗೆ ಅಡ್ಡ ಬಂದವನು ದಾವೂ. ಅವನ ಹತ್ತಿರ ಇಪ್ಪತ್ತಾರು ಸಾವಿರ ಚಿಲ್ಲರೆ ಜನ, 44 ಫಿರಂಗಿ. ಬೆಳಗಿನ ಜಾವ ಮೂರು ಗಂಟೆಗೆ ಅವನಿಗೆ ಆದೇಶ ಬಂತು. ಅಪೋಲ್ಡಾ ಕಡೆ ಹೋಗಿ ಶತ್ರುವಿನ ಬೆನ್ನಿಗೆ ಬೀಳು, ಬರ್ನಡೋಟ್ ನಿನ್ನ ಜೊತೆಗಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ, ಆದರೆ ಅವನು ಡೋರ್ನ್‌ಬುರ್ಗ್‌ನಲ್ಲಿರುತ್ತಾನೆ ಅಂದುಕೊಂಡಿದ್ದೇನೆ. ಹೀಗಿತ್ತು ಒಕ್ಕಣೆ. ಬರ್ನಡೋಟ್ ಇನ್ನೂ ನೌಮ್‌ಬುರ್ಗ್‌ನಲ್ಲೇ ಇದ್ದ. ದಾವೂ ಆದೇಶ ತೋರಿಸಿದ. ಆತ ಒಪ್ಪಲಿಲ್ಲ. ತನ್ನ ಕೋರ್ ಕಟ್ಟಿಕೊಂಡು ಡೋರ್ನ್‌ಬುರ್ಗ್ ದಾರಿ ಹಿಡಿದ.

ದಾವೂ ಹಿಂದಿನ ಸಂಜೆಯೇ ಕೋಸೆನ್ ಸೇತುವೆಗೆ ಕಾವಲು ಹಾಕಿಸಿದ್ದ. ಬೆಳಗ್ಗೆ ಅದನ್ನು ದಾಟಿ ಕಡಿದಾದ ಏರು ಹತ್ತಿದಾಗ ದಟ್ಟ ಮಂಜು. ಮೊದಲ ಡಿವಿಷನ್ ಗುಡಾನ್‌ನದು. ಅದು ಹಾಸೆನ್‌ಹೌಸೆನ್ ಎಂಬ ಹಳ್ಳಿಯ ಬಳಿ ಪ್ರಷ್ಯನ್ ಕುದುರೆ ಸವಾರರಿಗೆ ಎದುರಾಯಿತು. ಬ್ಲ್ಯೂಷರ್‌ನ ಸವಾರರು ಮತ್ತೆ ಮತ್ತೆ ನುಗ್ಗಿದರು. ಗುಡಾನ್‌ನ ಜನ ಚೌಕಾಕಾರ ಕಟ್ಟಿ, ನಾಲ್ಕೂ ಕಡೆ ಬಂದೂಕು ಚಾಚಿ ನಿಂತರು. ಸವಾರರು ಒಳಗೆ ಬರಲಾಗಲಿಲ್ಲ. ಅಷ್ಟರಲ್ಲಿ ಫ್ರಿಯಾನ್‌ನ ಡಿವಿಷನ್ ಬಂತು. ದಾವೂ ಅದನ್ನು ಬಲಕ್ಕೆ ಕಳಿಸಿದ. ಎಡಗಡೆ ಸ್ವಲ್ಪ ಹೊತ್ತು ಬಯಲೇ. ಹಳ್ಳಿ ಕೈತಪ್ಪುವ ಹಂತಕ್ಕೆ ಬಂದಿತ್ತು. ಆಗ ಮೋರಾನ್‌ನ ಮೂರನೇ ಡಿವಿಷನ್ ಬಂದು ಎಡವನ್ನು ಮುಚ್ಚಿತು. ಒಂದು ಕೋರ್ ಒಳಗೇ ಅದೇ ಲೆಕ್ಕ ಕೆಲಸ ಮಾಡಿತ್ತು, ನೋಡಿ: ಮೊದಲು ಬಂದವನು ತಡೆದ, ಹಿಂದಿನವರು ಬಂದು ಸೇರಿದರು.

ಆ ಕಡೆ ಪ್ರಷ್ಯನ್ ದಂಡನಾಯಕ ಬ್ರುನ್ಸ್‌ವಿಕ್ ಡ್ಯೂಕ್‌ಗೆ ಗುಂಡು ತಗುಲಿತು. ಅವನು ಬದುಕಲಿಲ್ಲ. ದೊರೆ ಅಲ್ಲೇ ಇದ್ದರೂ ಯಾರೂ ಸರಿಯಾಗಿ ಹೊಣೆ ಹೊರಲಿಲ್ಲ. ಹಿಂದೆ ಕಾದಿದ್ದ ಮೀಸಲು ಪಡೆಯನ್ನು ಪೂರ್ತಿ ಬಳಸಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರಷ್ಯನ್ನರು ಹಿಂದೆಗೆದರು. ದಾವೂ ಸುಮಾರು 7,000 ಜನರನ್ನು ಕಳೆದುಕೊಂಡ, ಅಂದರೆ ಕೋರ್‌ನ ಕಾಲುಭಾಗಕ್ಕೂ ಹೆಚ್ಚು. ಒಂದು ಕೋರ್ ತಡೆದು ನಿಲ್ಲುತ್ತದೆ ಅಂತ ಹೇಳುವುದು ಸುಲಭ. ಅದರ ಬೆಲೆ ಇದು.

ಮುಖ್ಯ ಸೈನ್ಯವನ್ನು ಸೋಲಿಸಿದ್ದು ದಾವೂ ಅಂದಾಗ ನೆಪೋಲಿಯನ್ ಮೊದಲು ನಂಬಲಿಲ್ಲ. ನಿಮ್ಮ ಮಾರ್ಷಲ್‌ಗೆ ಒಂದು ಎರಡಾಗಿ ಕಾಣುತ್ತಿರಬೇಕು ಎಂದು ಸುದ್ದಿ ತಂದವನ ಮೇಲೆ ರೇಗಿದನಂತೆ. ದಾವೂ ಕನ್ನಡಕದವನು, ಅಲ್ವಾ. ಆಮೇಲೆ ಬರ್ಲಿನ್‌ಗೆ ಮೊದಲು ಕಾಲಿಡುವ ಗೌರವವನ್ನು ಅವನ ಕೋರ್‌ಗೇ ಕೊಟ್ಟ.

ಬರ್ನಡೋಟ್ ಕತೆ? ಇಪ್ಪತ್ತು ಸಾವಿರ ಜನರನ್ನಿಟ್ಟುಕೊಂಡು ಆ ದಿನ ಎರಡೂ ಯುದ್ಧಗಳಿಗೆ ಸಿಗಲಿಲ್ಲ. ಆದೇಶದ ಅಕ್ಷರ ಹಿಡಿದರೆ ಅವನು ಮಾಡಿದ್ದು ಪೂರ್ತಿ ತಪ್ಪಲ್ಲ. ಆದರೆ ಫಿರಂಗಿ ಸದ್ದು ಕೇಳಿದ ಕಡೆ ನೆರೆಯವನು ಹೋಗದಿದ್ದರೆ ಈ ಏರ್ಪಾಡಿಗೆ ಅರ್ಥವೇ ಇಲ್ಲ. ಕುದುರೆ ಸವಾರ ಚೀಟಿ ತರುವ ಕಾಲದಲ್ಲಿ ಇದೇ ಅದರ ದೊಡ್ಡ ದುರ್ಬಲ ಜಾಗ. ಚೀಟಿ ಬರೆದಾಗ ನಿಜವಾಗಿದ್ದದ್ದು ಓದುವ ಹೊತ್ತಿಗೆ ಸುಳ್ಳಾಗಿರುತ್ತಿತ್ತು.

ಏಟು ತಿಂದ ಪ್ರಷ್ಯನ್ನರು ಪಾಠ ಕಲಿತರು. 1815ರ ಹೊತ್ತಿಗೆ ಅವರ ಸೈನ್ಯವೂ ನಾಲ್ಕು ಕೋರ್‌ಗಳಾಗಿ ನಡೆಯುತ್ತಿತ್ತು. ಆ ವರ್ಷದ ಜೂನ್ 18ರಂದು ವಾವ್ರ್ ಎಂಬ ಊರಿನಲ್ಲಿ ಟೀಲ್‌ಮನ್‌ನ ಒಂದೇ ಕೋರ್, ತನಗಿಂತ ಸುಮಾರು ಎರಡು ಪಟ್ಟು ದೊಡ್ಡದಾಗಿದ್ದ ಫ್ರೆಂಚ್ ಮಾರ್ಷಲ್ ಗ್ರೂಶಿಯ ಸೈನ್ಯವನ್ನು ನದಿ ದಡದಲ್ಲಿ ತಡೆದು ಹಿಡಿಯಿತು. ಅಷ್ಟರಲ್ಲಿ ಉಳಿದ ಮೂರು ಕೋರ್‌ಗಳು ಕೆಸರು ದಾರಿಯಲ್ಲಿ ನಡೆದು ವಾಟರ್ಲೂ ತಲುಪಿ, ಯುದ್ಧ ನಡೆಯುತ್ತಿರುವಾಗಲೇ ನೆಪೋಲಿಯನ್‌ನ ಬಲ ಪಕ್ಕಕ್ಕೆ ಬಿದ್ದವು.

ನಮಸ್ಕಾರ.