ತ್ರಿಕೋನಮಿತಿಗೆ 12 ಅಂಕ, ಹಾಗಾದ್ರೆ ಗಂಟೆ ಎಷ್ಟು?

ನಮಸ್ಕಾರ. ವಿಜಯಪುರದಿಂದ ಮಾತಾಡ್ತಿದ್ದೇನೆ. ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಇವತ್ತು ಗಣಿತದ ರಿವಿಜನ್ ಬಗ್ಗೆ ಮಾತು.

ಸಿಬಿಎಸ್‌ಇ ಲೆಕ್ಕ ತೆಗೆದುಕೊಳ್ಳೋಣ. ಲಿಖಿತ ಪರೀಕ್ಷೆ 80 ಅಂಕ. ಬೀಜಗಣಿತಕ್ಕೆ 20, ರೇಖಾಗಣಿತಕ್ಕೆ 15, ತ್ರಿಕೋನಮಿತಿಗೆ 12, ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆಗೆ 11, ಕ್ಷೇತ್ರಗಣಿತಕ್ಕೆ 10, ಉಳಿದ ಎರಡು ಘಟಕಕ್ಕೆ ತಲಾ 6. ನಿಮ್ಮ ಹತ್ತಿರ 40 ಗಂಟೆ ಇದೆ ಅಂತಿಟ್ಟುಕೊಳ್ಳಿ. ಅಂಕಕ್ಕೆ ಅರ್ಧ ಗಂಟೆ, ಅಂದರೆ ಬೀಜಗಣಿತಕ್ಕೆ 10 ಗಂಟೆ. ಈ ಹಂಚಿಕೆ ನನಗೆ ಸರಿ ಕಾಣೋದಿಲ್ಲ. ಬರೋದನ್ನೇ ಮತ್ತೆ ಓದಿಸುತ್ತದೆ, ಅಲ್ವಾ?

ವೇಟೇಜ್ ಹೇಳೋದು ಒಂದು ಪಾಠದಲ್ಲಿ ಹೆಚ್ಚೆಂದರೆ ಎಷ್ಟು ಅಂಕ ಸಿಗಬಹುದು ಅಂತ ಮಾತ್ರ. ನೀವು ಎಷ್ಟು ಕಳೆದುಕೊಳ್ಳುತ್ತಿದ್ದೀರಿ ಅನ್ನೋದನ್ನು ನಿಮ್ಮ ಪ್ರೀ ಬೋರ್ಡ್ ಉತ್ತರಪತ್ರಿಕೆ ಹೇಳುತ್ತದೆ. ಅದನ್ನು ತೆಗೆದು, ಹೋದ ಅಂಕಗಳನ್ನು ಘಟಕವಾರು ಬರೆಯಿರಿ.

ಒಬ್ಬ ಹುಡುಗಿಗೆ 50 ಬಂದಿದೆ ಅನ್ನಿ. ಹೋದ 30ರಲ್ಲಿ ತ್ರಿಕೋನಮಿತಿ 9, ರೇಖಾಗಣಿತ 7, ಬೀಜಗಣಿತ 6, ಸಂಖ್ಯಾಶಾಸ್ತ್ರ 4, ಕ್ಷೇತ್ರಗಣಿತ 4. ಈಗ ಒಂದೊಂದು ತಪ್ಪನ್ನೂ ಪುಸ್ತಕ ಮುಚ್ಚಿ ಮತ್ತೆ ಬಿಡಿಸಬೇಕು. ಬೀಜಗಣಿತದ ಆರೂ ಅಂಕ ಈ ಸಲ ಸರಿ ಬಂತು. ಅಂದರೆ ಅಲ್ಲಿ ಹೋಗಿದ್ದು ಪ್ಲಸ್ ಮೈನಸ್ ಚಿಹ್ನೆ, ಗಡಿಬಿಡಿ. ಅದಕ್ಕೆ ಪಾಠ ಓದಿ ಉಪಯೋಗವಿಲ್ಲ. ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬರೆಯಬೇಕು.

ಉಳಿದ 24 ಅಂಕ ನಿಜವಾಗಿ ಬಾರದ್ದು. ಅವಕ್ಕೆ ಅಂಕಕ್ಕೊಂದು ಗಂಟೆ, 24 ಗಂಟೆ. ಮಿಕ್ಕ 16ರಲ್ಲಿ ಮೂರು ಗಂಟೆಯ ನಾಲ್ಕು ಪತ್ರಿಕೆ, ಅವುಗಳ ತಪ್ಪು ನೋಡೋಕೆ ನಾಲ್ಕು ಗಂಟೆ. ತ್ರಿಕೋನಮಿತಿಗೆ 6 ಇದ್ದದ್ದು 9 ಆಯಿತು. ಬೀಜಗಣಿತಕ್ಕೆ ಬೇರೆ ಗಂಟೆಯೇ ಬೇಡವಾಯಿತು, ಪತ್ರಿಕೆಯೊಳಗೇ ಅದರ ಅಭ್ಯಾಸ ಆಗುತ್ತದೆ.

ಆ 9 ಗಂಟೆಯನ್ನೂ ಸುಮ್ನೆ ಮೊದಲ ಪುಟದಿಂದ ಶುರು ಮಾಡಬೇಡಿ. ಎತ್ತರ ಮತ್ತು ದೂರದ ಲೆಕ್ಕದಲ್ಲಿ ಅಂಕ ಹೋಗೋದು ಜಾಸ್ತಿ ಚಿತ್ರದಲ್ಲೇ. ಗೋಳಗುಮ್ಮಟದ ಮೇಲೆ ನಿಂತು ಕೆಳಗಿರುವ ಬಸ್ಸನ್ನು ನೋಡುತ್ತೀರಿ. ಅವನತ ಕೋನವನ್ನು ಕಣ್ಣಿನ ನೇರಕ್ಕೆ ಎಳೆದ ಅಡ್ಡ ಗೆರೆಯಿಂದ ಅಳೆಯಬೇಕು. ಮಕ್ಕಳು ಅದನ್ನು ಗೋಡೆಯಿಂದ ಗುರುತಿಸುತ್ತಾರೆ. 30 ಡಿಗ್ರಿ ಇರಬೇಕಾದ ಕಡೆ 60 ಬಂದು ಕೂರುತ್ತದೆ, ಮುಂದಿನ ಹೆಜ್ಜೆಯೆಲ್ಲ ಹಾಳು. ಮೊದಲ ಒಂದು ಗಂಟೆ ಲೆಕ್ಕವೇ ಮಾಡದೆ ಬರೀ ಚಿತ್ರ ಬರೆದು ನೋಡಿ.

ಎಸ್‌ಎಸ್‌ಎಲ್‌ಸಿಯವರಿಗೂ ದಾರಿ ಇದೇ. ಆದರೆ ಅಂಕಹಂಚಿಕೆಯನ್ನು ಈ ವರ್ಷದ ನೀಲನಕ್ಷೆಯಿಂದಲೇ ತೆಗೆದುಕೊಳ್ಳಿ, ಅಣ್ಣನ ಹಳೇ ಗೈಡಿನಿಂದ ಬೇಡ.

ಮೊದಲ ಪೂರ್ತಿ ಪತ್ರಿಕೆ ಬರೆದ ದಿನವೇ ಹೋದ ಅಂಕಗಳನ್ನು ಮತ್ತೆ ಎಣಿಸಿ. ಸಂಖ್ಯಾಶಾಸ್ತ್ರದ ನಾಲ್ಕು ಅಂಕ ಎರಡೇ ಗಂಟೆಯಲ್ಲಿ ವಾಪಸ್ ಬಂದಿದ್ದರೆ, ಉಳಿದ ಎರಡು ಗಂಟೆ ರೇಖಾಗಣಿತದ ಪ್ರಮೇಯಗಳಿಗೆ ಹೋಗಲಿ.